ಕಲೆಗಿಂತ ಮೊದಲು ಹೊಲಿಗೆಯ ಸ್ಥಿತಿ ಬರೆಯಿರಿ

ಪ್ರಶ್ನೆ: ಆರತಕ್ಷತೆಗೆ ಹೊಲಿಸಿದ್ದ ರೇಷ್ಮೆ ಅನಾರ್ಕಲಿಯನ್ನು ಆನ್‌ಲೈನಿನಲ್ಲಿ ಮಾರಬೇಕು. ಕಂಕುಳಲ್ಲಿ ಹಳದಿ ಕಲೆ ಇದೆ, ಪಕ್ಕದ ಹೊಲಿಗೆ ಸಡಿಲವಾಗಿದೆ. ಎಷ್ಟು ಹೇಳಲಿ?

ಉತ್ತರ: ಎರಡನ್ನೂ ಪೂರ್ತಿ ಹೇಳಿ. ಮೊದಲು ಉಡುಪನ್ನು ಒಳಮಗ್ಗುಲು ತಿರುಗಿಸಿ, ಹಗಲು ಬೆಳಕಿಗೆ ಹಿಡಿದು, ಹೊಲಿಗೆಯ ಎರಡೂ ಬದಿಯನ್ನು ಮೆಲ್ಲಗೆ ಎಳೆಯಿರಿ. ದಾರ ಮಾತ್ರ ಬಿಟ್ಟಿದ್ದರೆ ದರ್ಜಿ ಸರಿಮಾಡಿಕೊಡುತ್ತಾರೆ. ಹೊಲಿಗೆ ಗಟ್ಟಿಯಾಗಿದ್ದೂ ಪಕ್ಕದ ಎಳೆಗಳು ಸರಿದು ಸಂದು ಕಂಡರೆ ನೇಯ್ಗೆಯೇ ಜಾರಿದೆ ಎಂದರ್ಥ. ಬಿಗಿಯಾಗಿ ತೊಟ್ಟವರಿಗೆ ಅದು ಅಲ್ಲೇ ಹರಿಯುತ್ತದೆ, ಹಾಗಾಗಿ ಕೊಳ್ಳುವವರಿಗೆ ಕಲೆಗಿಂತ ಇದೇ ಮುಖ್ಯ. ಮಾರುವ ಮುನ್ನ ರಫೂ ಮಾಡುವವರಿಗೆ ತೋರಿಸಿ.

ಹಳೆಯ ಬೆವರಿನ ಕಲೆ ಡ್ರೈಕ್ಲೀನಿಂಗಿಗೂ ಪೂರ್ತಿ ಹೋಗುವುದು ಅಪರೂಪ. ಮನೆಯಲ್ಲಿ ಬ್ಲೀಚ್ ಮಾತ್ರ ಹಾಕಬೇಡಿ, ಕ್ಲೋರಿನ್ ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ. ಬೆವರು ಕೂತ ಜಾಗ ಗರಿಗರಿಯಾಗಿದ್ದರೆ ಬಟ್ಟೆ ಅಲ್ಲಿ ಸೋತಿದೆ, ಅದನ್ನೂ ತಿಳಿಸಿ.

ಹೀಗೆ ಬರೆಯಬಹುದು: “ರೇಷ್ಮೆ, ಹತ್ತಿಯ ಲೈನಿಂಗ್. ಎರಡೂ ಕಂಕುಳಲ್ಲಿ ಸುಮಾರು 5 ಸೆಂ.ಮೀ. ಹಳದಿ ಕಲೆ, ಕೈ ಎತ್ತಿದರೆ ಕಾಣುತ್ತದೆ. ಎಡ ಪಕ್ಕದಲ್ಲಿ 3 ಸೆಂ.ಮೀ. ನೇಯ್ಗೆ ಸರಿದಿದೆ, ರಫೂ ಮಾಡಿಸಿಲ್ಲ. ಒಳಗೆ ಬಿಡಿಸಲು ಬಟ್ಟೆ ಇಲ್ಲ.” ‘ಚಿಕ್ಕ ಕಲೆ’ ಎನ್ನಬೇಡಿ, ಅಳತೆ ಕೊಡಿ. ಎದೆಯಳತೆಯನ್ನು ಉಡುಪನ್ನು ನೆಲದ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ ತೆಗೆದು ದುಪ್ಪಟ್ಟು ಮಾಡಿ. ಪ್ರತಿ ದೋಷದ ಫೋಟೊವನ್ನು ಪಕ್ಕದಲ್ಲಿ ನಾಣ್ಯವಿಟ್ಟು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಫ್ಲ್ಯಾಶ್ ಬೆಳಕಿನಲ್ಲಿ ಹಳದಿ ಮಸುಕಾಗಿ ಕಾಣುತ್ತದೆ.