ಹುರಿದ ಕಾಫಿ ಬೀಜಕ್ಕೆ ತಕ್ಕ ಚೀಲ

ತೋಟದ ಬೀಜವನ್ನು ತಾವೇ ಹುರಿದು ಅಂಗಡಿಗೆ ಕಳುಹಿಸುವ ಬೆಳೆಗಾರರು ಒಂದು ತೊಡಕನ್ನು ಎದುರಿಸುತ್ತಾರೆ. ಹುರಿದ ಕೂಡಲೇ ಚೀಲ ಕಟ್ಟಿದರೆ ಅದು ಉಬ್ಬಿ ಬೆಸುಗೆ ಬಿಡುತ್ತದೆ. ಆರಲೆಂದು ದಿನಗಟ್ಟಲೆ ಹರವಿಟ್ಟರೆ ಪರಿಮಳ ಹೋಗುತ್ತದೆ.

ಉಬ್ಬಲು ಕಾರಣ, ಹುರಿಯುವಾಗ ಬೀಜದೊಳಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಅನಿಲ. ಇದು ಬೀಜದ ತೂಕದ ಶೇ. 1ರಷ್ಟಿದ್ದರೂ 250 ಗ್ರಾಂ ಬೀಜದಿಂದ 1¼ ಲೀಟರಿಗೂ ಹೆಚ್ಚು ಅನಿಲ ದಿನಗಳವರೆಗೆ ಹೊರಬರುತ್ತದೆ.

ಒಮ್ಮುಖ ವಾಲ್ವ್

ಚೀಲದ ಮೇಲ್ಭಾಗದಲ್ಲಿ ಕೂರಿಸುವ ಈ ಸಣ್ಣ ಬಿಲ್ಲೆಯಲ್ಲಿ ಕಿರುರಂಧ್ರಗಳ ಮೇಲೆ ತೆಳು ರಬ್ಬರ್ ಪೊರೆಯೊಂದು ಎಣ್ಣೆಯ ಲೇಪದಿಂದ ಅಂಟಿ ಕುಳಿತಿರುತ್ತದೆ. ಒಳಗಿನ ಒತ್ತಡ ಹೆಚ್ಚಿದಾಗ ಪೊರೆ ಎದ್ದು ಅನಿಲವನ್ನು ಬಿಡುತ್ತದೆ. ಒತ್ತಡ ಇಳಿದೊಡನೆ ಮುಚ್ಚಿಕೊಂಡು ಹೊರಗಿನ ಗಾಳಿಯನ್ನು ತಡೆಯುತ್ತದೆ. ಪುಡಿ ತುಂಬುವುದಾದರೆ ಒಳಬದಿಯಲ್ಲಿ ಶೋಧಕ ಕಾಗದವಿರುವ ವಾಲ್ವನ್ನೇ ಕೊಳ್ಳಿರಿ. ಇಲ್ಲವಾದರೆ ಪುಡಿ ಪೊರೆಯಡಿ ಸಿಕ್ಕಿ ವಾಲ್ವ್ ತೆರೆದೇ ಉಳಿಯುತ್ತದೆ.

ಸಾರಜನಕ ಏಕೆ?

ವಾಲ್ವ್ ಇದ್ದರೆ ಸಾಕೆಂದು ತಿಳಿಯಬಾರದು. ಚೀಲ ಮುಚ್ಚುವಾಗಲೇ ಒಳಗುಳಿದ ಗಾಳಿಯನ್ನು ಅದು ತೆಗೆಯುವುದಿಲ್ಲ. 250 ಗ್ರಾಂ ಚೀಲದಲ್ಲಿ ಬೀಜಗಳ ನಡುವೆ ಮತ್ತು ಮೇಲೆ 400 ಮಿಲಿಲೀಟರ್ ಗಾಳಿ ಇದೆಯೆನ್ನೋಣ. ಅದರಲ್ಲಿ ಐದನೆಯ ಒಂದು ಪಾಲು, ಅಂದರೆ ಸುಮಾರು 80 ಮಿಲಿಲೀಟರ್, ಆಮ್ಲಜನಕ. ಬೀಜದ ಎಣ್ಣೆ ಕಮಟಾಗುವುದು ಇದರಿಂದಲೇ. ಬೀಜದ ಅನಿಲ ಈ ಗಾಳಿಯನ್ನು ನಿಧಾನವಾಗಿ ಹೊರದೂಡುತ್ತದೆಯಾದರೂ ಅಷ್ಟರಲ್ಲಿ ಸ್ವಲ್ಪ ಹಾನಿ ಆಗಿರುತ್ತದೆ. ಆದ್ದರಿಂದ ಆಹಾರಕ್ಕೆ ತಕ್ಕ ಶುದ್ಧಿಯ ಸಾರಜನಕವನ್ನು ಕೊಳವೆಯ ಮೂಲಕ ಚೀಲದ ತಳಕ್ಕೆ ಹಾಯಿಸಿ, ಗಾಳಿ ಮೇಲಿನಿಂದ ಹೊರಹೋದ ಕೂಡಲೇ ಬೆಸೆಯಬೇಕು. ಉಳಿದ ಆಮ್ಲಜನಕ ಶೇ. 2ಕ್ಕೆ ಇಳಿದರೆ 80ರ ಬದಲು 8 ಮಿಲಿಲೀಟರ್ ಮಾತ್ರ ಇರುತ್ತದೆ. ಈ ಕೆಲಸವನ್ನು ಗಾಳಿಯಾಡುವ ಕೋಣೆಯಲ್ಲೇ ಮಾಡಿರಿ. ಮುಚ್ಚಿದ ಕೋಣೆಯಲ್ಲಿ ಸಾರಜನಕ ತುಂಬಿದರೆ ಉಸಿರು ಕಟ್ಟಿ ಪ್ರಾಣಾಪಾಯವಾದೀತು.

ಚೀಲದ ಪದರಗಳು

ಬರಿಯ ಪಾಲಿಥೀನ್ ತೇವವನ್ನು ಬಹುಮಟ್ಟಿಗೆ ತಡೆದರೂ ಆಮ್ಲಜನಕವನ್ನು ಒಳಗೆ, ಪರಿಮಳವನ್ನು ಹೊರಗೆ ಬಿಡುತ್ತದೆ. ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಬೆಸುಗೆಗಾಗಿ ಪಾಲಿಥೀನ್ ಇರುವ ಮೂರು ಪದರದ ಚೀಲ ಉತ್ತಮ. ಲೋಹದ ತೆಳು ಲೇಪವಷ್ಟೇ ಇರುವ ಹೊಳೆಯುವ ಚೀಲ ಅಗ್ಗವಾದರೂ ತಡೆಯುವ ಶಕ್ತಿ ಕಡಿಮೆ. ಅಲ್ಯೂಮಿನಿಯಂ ಹಾಳೆಯೂ ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳಬಹುದು. ಚೀಲಗಳನ್ನು ಮಡಚಿ ಅದುಮಿ ತುಂಬಬೇಡಿರಿ.

ಪರೀಕ್ಷೆ

ಪ್ರತಿ ತಂಡದಿಂದ ಒಂದು ಚೀಲವನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲನೆ ಒತ್ತಿರಿ. ಗುಳ್ಳೆ ವಾಲ್ವಿನಿಂದ ಮಾತ್ರ ಬರಬೇಕು. ಅಂಚಿನಿಂದ ಬಂದರೆ ಬೆಸುಗೆಯ ಜಾಗದಲ್ಲಿ ಪುಡಿ ಸಿಕ್ಕಿರಬಹುದು, ಇಲ್ಲವೆ ಶಾಖ ಸಾಲದಿರಬಹುದು. ಇನ್ನೊಂದು ಖಾಲಿ ಚೀಲಕ್ಕೆ ಗಾಳಿ ತುಂಬಿ ಬೆಸೆದು, ವಾಲ್ವಿನ ಮೂಲಕ ಗಾಳಿ ಹೋಗುವಂತೆ ಒತ್ತಿ ಕೈಬಿಡಿರಿ. ಚಪ್ಪಟೆಯಾಗಿಯೇ ಉಳಿದರೆ ವಾಲ್ವ್ ಸರಿ. ಗಾಳಿ ಎಳೆದುಕೊಂಡು ಮತ್ತೆ ತುಂಬಿಕೊಂಡರೆ ಅದು ಮುಚ್ಚುತ್ತಿಲ್ಲ.

ಈ ಮೂರೂ ಸೇರಿ ಕಾಪಾಡುವುದು ಚೀಲ ಒಡೆಯುವವರೆಗೆ ಮಾತ್ರ. ಮೊದಲೇ ಹಳಸಿದ ಬೀಜಕ್ಕೆ ಇವು ಪರಿಮಳವನ್ನು ಮರಳಿ ಕೊಡಲಾರವು. ಆದ್ದರಿಂದ ಹುರಿದ ಬೀಜ ಪೂರ್ತಿ ತಣ್ಣಗಾದ ಮೇಲೆ ಅದೇ ದಿನ ತುಂಬಿ, ಹುರಿದ ತಾರೀಖನ್ನು ಚೀಲದ ಮೇಲೆ ಬರೆಯಿರಿ.