ಲಿಂಗಪೂಜೆಯೂ ಒಂದು ಆಚರಣೆಯೇ ಅಲ್ಲವೇ?

ಪ್ರಶ್ನೆ: ಶರಣರು ಗುಡಿ, ಯಜ್ಞ, ಮಡಿ ಯಾವುದೂ ಬೇಡವೆಂದರು ಎಂದು ಓದಿದ್ದೇನೆ. ಆದರೆ ನಮ್ಮಜ್ಜಿ ದಿನವೂ ವಿಭೂತಿ ಹಚ್ಚಿ ಇಷ್ಟಲಿಂಗ ಪೂಜೆ ಮಾಡದೆ ಊಟಕ್ಕೆ ಕೂರುವುದಿಲ್ಲ. ಇದೂ ಆಚರಣೆಯೇ ತಾನೆ?
– ಓದುಗರೊಬ್ಬರು, ಹರಿಹರ

ಉತ್ತರ: ಆಚರಣೆಯೇ, ಅನುಮಾನ ಬೇಡ. ಆದರೆ ಪೂಜೆಯ ಹೆಸರಿನಲ್ಲಿ ಒಬ್ಬ ಮೇಲು, ಇನ್ನೊಬ್ಬ ಕೀಳು ಆಗುತ್ತಾನಲ್ಲ, ಶರಣರ ತಕರಾರು ಇದ್ದದ್ದು ಅಲ್ಲಿ.

ನಿಮ್ಮೂರ ಹರಿಹರೇಶ್ವರನನ್ನೇ ನೋಡಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ದೇವರಲ್ಲಿ ಯಾರು ದೊಡ್ಡವರೆಂಬ ಜಗಳ ಅಲ್ಲಿ ಬಗೆಹರಿಯಿತು. ಆದರೆ ಗರ್ಭಗುಡಿಯೊಳಗೆ ಅರ್ಚಕರು, ಹೊಸ್ತಿಲಾಚೆ ಭಕ್ತರು ಎಂಬ ಏರ್ಪಾಡು ಹಾಗೇ ಉಳಿಯಿತು. ಅದಕ್ಕೂ ಸುಮಾರು ಅರವತ್ತು ವರ್ಷ ಮೊದಲೇ ಕಲ್ಯಾಣದ ಶರಣರು ಕೈಹಾಕಿದ್ದು ಈ ಏರ್ಪಾಡಿಗೆ.

ಅಜ್ಜಿಯ ಪೂಜೆಯಲ್ಲಿ ಲಿಂಗ ಇರುವುದು ಅವರ ಎಡಗೈ ಅಂಗೈಯಲ್ಲಿ. ನಡುವೆ ಪೂಜಾರಿಯಿಲ್ಲ, ದಾಟಲು ಹೊಸ್ತಿಲಿಲ್ಲ. ದೀಕ್ಷೆ ಹೆಣ್ಣಿಗೂ ಉಂಟು, ಚಪ್ಪಲಿ ಹೊಲಿಯುವ ಹರಳಯ್ಯನಿಗೂ ಉಂಟು. ಇದಕ್ಕಿಂತ ದೊಡ್ಡ ಮಾತು ಸೂತಕದ್ದು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ – ಲಿಂಗವಂತರಿಗೆ ಈ ಐದೂ ಸೂತಕಗಳಿಲ್ಲ ಎಂದರು ಶರಣರು. ಮುಟ್ಟಾದ ಹೆಣ್ಣುಮಗಳೂ ಆ ದಿನ ಲಿಂಗ ಪೂಜಿಸಬಹುದು. ಮೇಲುಕೀಳಿಗೆ ಆಧಾರವಾಗಿದ್ದ ಮೈಲಿಗೆಯನ್ನೇ ತೆಗೆದಮೇಲೆ ಮಡಿಯ ಅಧಿಕಾರ ನಿಲ್ಲುವುದು ಎಲ್ಲಿ?

ಹಾಗಂತ ಲಿಂಗ ಕಟ್ಟಿದವರೆಲ್ಲ ಭಕ್ತರಾಗಲಿಲ್ಲ. ನಡತೆ ಸರಿಯಿಲ್ಲದ ಲಿಂಗಧಾರಿಗಳನ್ನು ಅಂಬಿಗರ ಚೌಡಯ್ಯ ಬೈದಷ್ಟು ಕಟುವಾಗಿ ಬೇರೆಯವರು ಬೈದಿಲ್ಲ. ಭಕ್ತಿಯನ್ನು ಅಳೆಯುವುದು ಹೇಗೆಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವಿದೆ. ಗಂಡ ಮಾರಯ್ಯನ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇದು ನಮಗೆ ಬೇಕಾದದ್ದಕ್ಕಿಂತ ಜಾಸ್ತಿ, ಆಸೆಯಿಂದ ತಂದದ್ದು; ಅಲ್ಲೇ ಸುರಿದು ಬಾ ಎಂದಳು. ಆ ಅಕ್ಕಿ ಬೇಯುವುದು ಜಂಗಮ ದಾಸೋಹಕ್ಕೆ. ಆದರೂ ಅವಳ ಲೆಕ್ಕದಲ್ಲಿ ಆಸೆ ಬೆರೆತ ಅಕ್ಕಿ ಅರ್ಪಣೆಗೆ ಸಲ್ಲದು. ಮೈಲಿಗೆ ಎಂಬುದು ಜಾತಿಯನ್ನು ಬಿಟ್ಟು ಮನಸ್ಸಿಗೆ ಬಂದು ನಿಂತದ್ದು ಹೀಗೆ. ಶುದ್ಧವೋ ಅಲ್ಲವೋ ಎಂದು ಹೇಳಲು ಪುರೋಹಿತ ಬೇಕಾಗಲಿಲ್ಲ, ಹೆಂಡತಿ ಸಾಕಾದಳು.

ಮುಂದೆ ಇದು ಹೀಗೇ ಉಳಿಯಲಿಲ್ಲ. ಅರಿವು, ಆಚಾರಗಳಿಂದ ಬರಬೇಕಿದ್ದ ಜಂಗಮ ಪದವಿ ಹುಟ್ಟಿನಿಂದ ಬರುವಂತಾಯಿತು. ಲಿಂಗವಂತರೊಳಗೇ ಒಳಪಂಗಡಗಳು ಬೆಳೆದು, ಹೆಣ್ಣು ಕೊಟ್ಟು ತರುವಾಗ ಅವನ್ನು ಕೇಳುವ ರೂಢಿ ಬೇರೂರಿತು. ಪೂಜೆಯ ವಿಧಾನ ಹಾಗೇ ಇದ್ದು, ಅದರೊಳಗಿನ ಸಮತೆ ಸೋರಿಹೋಗುವುದೂ ಸಾಧ್ಯ. ಆದ್ದರಿಂದ ಯಾವುದೇ ಆಚರಣೆಯನ್ನು ಶರಣರ ಕಣ್ಣಿನಿಂದ ನೋಡಬೇಕಾದರೆ ಎರಡು ಪ್ರಶ್ನೆ ಕೇಳಿ: ಇದರಿಂದ ಹೊರಗುಳಿದವರು ಯಾರು? ಇದನ್ನು ಮಾಡುವವರ ನಡತೆ ಇದರಿಂದ ಬದಲಾಗಿದೆಯೇ? ಅಜ್ಜಿಯ ಪೂಜೆಯನ್ನೂ ಹಾಗೆಯೇ ನೋಡಿ.