ಯಾವ ಎಐ ಎಂದು ಮೊದಲು ಕೇಳು

ಪುಟ್ಟಿ, ಕಾಲೇಜಿನ ಚರ್ಚಾಸ್ಪರ್ಧೆಗೆ ‘ಎಐ ವರವೋ ಶಾಪವೋ’ ಅನ್ನೋ ವಿಷಯ ಕೊಟ್ಟಿದ್ದಾರೆ ಅಂದೆಯಲ್ಲ, ಪರವಾಗಿ ಮಾತಾಡಲೋ ವಿರೋಧವಾಗಿಯೋ ಎಂದು ಆಮೇಲೆ ತಲೆ ಕೆಡಿಸಿಕೊ. ಎದುರಿನವರು ಎಐ ಅಂದಾಗ ಯಾವುದನ್ನು ಹೇಳುತ್ತಿದ್ದಾರೆ ಎಂಬುದು ಮೊದಲು ಗೊತ್ತಾಗಬೇಕು.

ಸೀಮಿತ ಎಐ, ಸಾಮಾನ್ಯ ಎಐ, ಅತಿಬುದ್ಧಿಮತ್ತೆ. ಇವು ಒಂದರ ಮೇಲೊಂದು ಮೆಟ್ಟಿಲು ಎಂಬಂತೆ ಪತ್ರಿಕೆಗಳಲ್ಲಿ ಬರುತ್ತವೆ. ಹಾಗೆ ನೋಡಿದರೆ ದಾರಿ ತಪ್ಪುತ್ತೇವೆ. ಇಲ್ಲಿ ಅಳೆಯಬೇಕಾದದ್ದು ಎರಡು: ಯಂತ್ರ ಎಷ್ಟು ಚೆನ್ನಾಗಿ ಮಾಡುತ್ತದೆ, ಎಷ್ಟು ಬಗೆಯ ಕೆಲಸ ಮಾಡುತ್ತದೆ. ಗೂಗಲ್ ಡೀಪ್‌ಮೈಂಡ್‌ನ ಸಂಶೋಧಕರು 2023ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಎರಡನ್ನೂ ಬೇರೆಬೇರೆಯಾಗಿಯೇ ಅಳೆದಿದ್ದಾರೆ.

‘ಗೋ’ ಆಟವನ್ನೇ ತಗೋ. ಹತ್ತೊಂಬತ್ತು ಗೆರೆ ಉದ್ದ, ಹತ್ತೊಂಬತ್ತು ಗೆರೆ ಅಡ್ಡ ಇರುವ ಮಣೆಯ ಮೇಲೆ ಕಪ್ಪು ಬಿಳಿ ಕಾಯಿ ಇಟ್ಟು ಎದುರಾಳಿಯನ್ನು ಸುತ್ತುವರಿಯುವ ಆಟ. 2016ರ ಮಾರ್ಚ್‌ನಲ್ಲಿ ಡೀಪ್‌ಮೈಂಡ್‌ನ ಆಲ್ಫಾಗೋ ಕೊರಿಯಾದ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿತು. ಎರಡನೇ ಪಂದ್ಯದಲ್ಲಿ ಅದು ಇಟ್ಟ 37ನೇ ನಡೆ ಕಂಡು ನುರಿತ ವಿಶ್ಲೇಷಕರೇ ತಬ್ಬಿಬ್ಬಾದರು. ಆ ಒಂದು ಆಟದಲ್ಲಿ ಯಂತ್ರ ಮನುಷ್ಯನನ್ನು ಮೀರಿತ್ತು. ಹಾಗಂತ ಅದು ಅತಿಬುದ್ಧಿಮತ್ತೆಯೇ? ಅಲ್ಲ. ಮಣೆ ಬಿಟ್ಟು ಆಚೆ ಅದಕ್ಕೆ ಏನೂ ಗೊತ್ತಿರಲಿಲ್ಲ. ಮನುಷ್ಯನನ್ನು ಮೀರಿದ್ದೂ ಸೀಮಿತವಾಗಿರಬಹುದು ಎಂಬುದನ್ನು ನಿನ್ನ ಎದುರಾಳಿಗಳಲ್ಲಿ ಹೆಚ್ಚಿನವರು ಮರೆತಿರುತ್ತಾರೆ.

ಇದರ ಮುಂದಿನ ಕಥೆ ಇನ್ನೂ ಸ್ವಾರಸ್ಯ. 2023ರಲ್ಲಿ ಕೆಲಿನ್ ಪೆಲ್ರಿನ್ ಎಂಬ ಹವ್ಯಾಸಿ ಆಟಗಾರ ಕಾಟಾಗೋ ಎಂಬ ಇಂಥದ್ದೇ ಬಲಿಷ್ಠ ಯಂತ್ರವನ್ನು ಹದಿನೈದರಲ್ಲಿ ಹದಿನಾಲ್ಕು ಆಟ ಸೋಲಿಸಿದ. ಸಂಶೋಧಕರು ಇನ್ನೊಂದು ಪ್ರೋಗ್ರಾಂ ಬಿಟ್ಟು ಕಾಟಾಗೋದ ಹುಳುಕು ಹುಡುಕಿಸಿದ್ದರು. ಆ ತಂತ್ರವನ್ನು ಈತ ಕಲಿತುಕೊಂಡಿದ್ದ. ಯಂತ್ರದ ಕಾಯಿಗಳ ಗುಂಪೊಂದರ ಸುತ್ತ ನಿಧಾನವಾಗಿ ದೊಡ್ಡ ಬಳೆ ಕಟ್ಟುವುದು, ನಡುನಡುವೆ ಮೂಲೆಗಳಲ್ಲಿ ಬೇರೇನೋ ಆಡಿ ಗಮನ ಸೆಳೆಯುವುದು, ಇಷ್ಟೇ. ಬಳೆ ಮುಚ್ಚಿಕೊಳ್ಳುವವರೆಗೂ ಯಂತ್ರಕ್ಕೆ ಅಪಾಯ ತಿಳಿಯುತ್ತಿರಲಿಲ್ಲ. ಮನುಷ್ಯ ಆಟಗಾರನಾದರೆ ಸುಲಭವಾಗಿ ಗುರುತಿಸುತ್ತಿದ್ದ. ಒಂದೇ ಆಟದಲ್ಲಿ, ಅದೂ ಶಿಖರದಲ್ಲಿದ್ದಾಗಲೂ, ಇಷ್ಟು ದೊಡ್ಡ ಕುರುಡುತನ ಇರಬಹುದು ಅಂದಮೇಲೆ ‘ಮನುಷ್ಯನಿಗಿಂತ ಮೇಲು’ ಎಂಬ ಪ್ರಚಾರವನ್ನು ಯಾವ ಪರೀಕ್ಷೆಯಲ್ಲಿ ಎಂದು ಕೇಳದೆ ಒಪ್ಪಬೇಡ.

ಈಗಿನ ಮಾತಾಡುವ ಯಂತ್ರಗಳ ಹರವು ದೊಡ್ಡದು: ಪತ್ರ ಬರೆದಾವು, ಕೋಡ್ ಬರೆದಾವು, ಲೆಕ್ಕ ಮಾಡಿಯಾವು. ಒಂದರಲ್ಲಿ ಪಂಡಿತರಂತೆ, ಇನ್ನೊಂದರಲ್ಲಿ ಎಳೆಯರಂತೆ. ಇವು ಸಾಮಾನ್ಯ ಎಐಗೆ ಎಷ್ಟು ಹತ್ತಿರ ಎಂಬುದರಲ್ಲಿ ಬಲ್ಲವರಲ್ಲೇ ಜಗಳವಿದೆ. ಅತಿಬುದ್ಧಿಮತ್ತೆ ಮಾತ್ರ ಬೇರೆಯೇ ಸಂಗತಿ. ಎಲ್ಲ ಬೌದ್ಧಿಕ ಕೆಲಸದಲ್ಲೂ ಮನುಷ್ಯನನ್ನು ಮೀರಿದ ಯಂತ್ರ ತನಗಿಂತ ಉತ್ತಮ ಯಂತ್ರವನ್ನು ತಾನೇ ರೂಪಿಸಬಲ್ಲದು, ಅದು ಇನ್ನೊಂದನ್ನು, ಹೀಗೆ ಎಂದು ಐ. ಜೆ. ಗುಡ್ ಎಂಬ ಗಣಿತಜ್ಞ 1965ರಲ್ಲೇ ವಾದಿಸಿದ್ದರು. ಅದು ವಾದವೇ ಹೊರತು ಕಂಡ ಸಂಗತಿಯಲ್ಲ.

ಚರ್ಚೆಯಲ್ಲಿ ಎಡವಟ್ಟಾಗುವುದು ಹೀಗೆ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನಕ್ಕೆ ಬಂದ ಅರ್ಜಿಗಳಲ್ಲಿ ಅನುಮಾನದವು ಯಾವುವು ಎಂದು ಅಂಕ ಕೊಡುವ ವ್ಯವಸ್ಥೆಯನ್ನು ತೆರಿಗೆ ಇಲಾಖೆ ಇಟ್ಟುಕೊಂಡಿತ್ತು. ಡಚ್ ಪೌರರಲ್ಲದಿರುವುದೂ ಅದರಲ್ಲಿ ಅನುಮಾನದ ಗುರುತಾಗಿತ್ತು. ಅಧಿಕಾರಿಗಳ ಕಠಿಣ ನಿಯಮಗಳೂ ಸೇರಿ ಸಾವಿರಾರು ಕುಟುಂಬಗಳು ವಂಚಕರೆನಿಸಿಕೊಂಡು ಸಾಲಕ್ಕೆ ಬಿದ್ದವು. 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಅಲ್ಲಿದ್ದದ್ದು ತೀರಾ ಸೀಮಿತವಾದ ಯಂತ್ರ. ಇನ್ನು 2023ರ ಮೇ ತಿಂಗಳಲ್ಲಿ ಜೆಫ್ರಿ ಹಿಂಟನ್, ಸ್ಯಾಮ್ ಆಲ್ಟ್‌ಮನ್ ಮೊದಲಾದವರು ಸಹಿ ಮಾಡಿದ ಒಂದೇ ವಾಕ್ಯದ ಹೇಳಿಕೆ ಎಐಯಿಂದ ಮನುಕುಲ ಅಳಿಯುವ ಅಪಾಯದ ಬಗ್ಗೆ. ಮೊದಲನೆಯದಕ್ಕೆ ಬೇಕಾದದ್ದು ಲೆಕ್ಕಪರಿಶೋಧನೆ, ಮೇಲ್ಮನವಿ, ಕಾರಣ ಕೇಳುವ ಹಕ್ಕು. ಎರಡನೆಯದಕ್ಕೆ ಮುಂದಿನ ಮಾದರಿಗಳನ್ನು ಕಟ್ಟುವ ಕಂಪನಿಗಳ ಮೇಲೆ ನಿಗಾ, ದೇಶದೇಶಗಳ ನಡುವೆ ಒಪ್ಪಂದ. ‘ಯಂತ್ರಕ್ಕೆ ಇನ್ನೂ ಸರಿಯಾಗಿ ಲೆಕ್ಕವೇ ಬರಲ್ಲ, ಭಯ ಯಾಕೆ?’ ಎನ್ನುವವರು ಎರಡನೆಯದಕ್ಕೆ ಉತ್ತರ ಕೊಟ್ಟಂತೆ ಮಾಡಿ ಮೊದಲನೆಯದನ್ನು ಮುಚ್ಚಿಬಿಡುತ್ತಾರೆ. ಲೆಕ್ಕ ಬಾರದ ಯಂತ್ರವೇ ಅಲ್ಲವೇ ಆ ಕುಟುಂಬಗಳಿಗೆ ಅಪಾಯ? ಪ್ರಳಯದ ಮಾತನ್ನೇ ಆಡುವವರ ಸಭೆಯಲ್ಲೂ ಸಹಾಯಧನ ಕಳಕೊಂಡವರ ಹೆಸರು ಬರುವುದಿಲ್ಲ.

ಇನ್ನೊಂದು ಪ್ರಶ್ನೆಗೂ ತಯಾರಾಗಿರು. ‘ಯಂತ್ರಕ್ಕೆ ಮನಸ್ಸೇ ಇಲ್ಲ, ಆದ್ದರಿಂದ ಸಾಮಾನ್ಯ ಎಐ ಅಸಾಧ್ಯ’ ಎಂದು ಯಾರಾದರೂ ಎದ್ದೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಓಪನ್‌ಎಐ ಕಂಪನಿ 2018ರ ತನ್ನ ಸನ್ನದಿನಲ್ಲಿ ಕೊಟ್ಟ ವ್ಯಾಖ್ಯೆಯನ್ನು ಆಗ ಮುಂದಿಡು: ಆರ್ಥಿಕ ಬೆಲೆಯುಳ್ಳ ಬಹುಪಾಲು ಕೆಲಸಗಳಲ್ಲಿ ಮನುಷ್ಯರನ್ನು ಮೀರಿಸುವ, ಬಹುಮಟ್ಟಿಗೆ ಸ್ವಂತವಾಗಿ ನಡೆಯುವ ವ್ಯವಸ್ಥೆ. ಅದರಲ್ಲಿ ಮನಸ್ಸಿನ ಮಾತೇ ಇಲ್ಲ, ಕೆಲಸದ ಮಾತು ಮಾತ್ರ ಇದೆ.